ಎಡಗಡೆ ಮುಂದಿನ ಚಕ್ರದ ಗುಂಯ್ ಸದ್ದು: ಒಂದೇ ಬೇರಿಂಗಿಗೆ ಎರಡು ಸಲ ಕೆಲಸ

ಗಾಡಿ 2014ರ ಸಣ್ಣ ಪೆಟ್ರೋಲ್ ಕಾರು. ಓಡಿದ್ದು 92,400 ಕಿ.ಮೀ. ಎಬಿಎಸ್ ಇಲ್ಲ. ನನ್ನ ಮನೆ ಕಲಬುರಗಿಯಲ್ಲಿ, ಶಾಲೆ ಸೇಡಂ ಕಡೆ. ಮಳೆಗಾಲದಲ್ಲಿ ಬಸ್ ಬಿಟ್ಟು ಕಾರಿನಲ್ಲೇ ಓಡಾಡುತ್ತೇನೆ. ಸಿಮೆಂಟ್ ಲಾರಿಗಳು ಓಡಾಡುವ ರಸ್ತೆ, ತಗ್ಗು ಜಾಸ್ತಿ. ಎದುರಿಗೆ ಲಾರಿ ಬಂದಾಗಲೆಲ್ಲ ಎಡಗಡೆ ಚಕ್ರ ರಸ್ತೆ ಅಂಚಿನಿಂದ ಕೆಳಗೆ ಇಳಿಯಲೇಬೇಕು. ಆಗಸ್ಟ್‌ನಲ್ಲಿ ಒಂದು ಹಳ್ಳಿಯ ಒಳದಾರಿಯಲ್ಲಿ ಹಳ್ಳ ತುಂಬಿ ಹರಿಯುತ್ತಿತ್ತು. ಅರ್ಧ ಚಕ್ರ ಮುಳುಗುವಷ್ಟು ನೀರಿನಲ್ಲಿ ಎರಡು ಸಲ ದಾಟಿದ್ದೆ. ಆಗ ಇದರ ಬಗ್ಗೆ ಯೋಚನೆಯೇ ಬರಲಿಲ್ಲ.

ಸೆಪ್ಟೆಂಬರ್ 22, 2024, ಭಾನುವಾರ. ಸದ್ದು ಹುಡುಕಿದ್ದು

ಎರಡು ವಾರದಿಂದ ಒಂದು ಸದ್ದು ಬರುತ್ತಿತ್ತು. 40ರ ವೇಗಕ್ಕೆ ಸಣ್ಣಗೆ ಶುರು. 60ಕ್ಕೆ ದೂರದಲ್ಲಿ ಹಿಟ್ಟಿನ ಗಿರಣಿ ಓಡಿದ ಹಾಗೆ. 80ಕ್ಕೆ ಪಕ್ಕದವರ ಜೊತೆ ಮಾತಾಡಲು ದನಿ ಏರಿಸಬೇಕು. ಬ್ರೇಕ್ ಹಿಡಿದರೂ ಬಿಟ್ಟರೂ ಅದೇ ಸದ್ದು.

ಮೊದಲು ಎಂಜಿನ್ ಅಥವಾ ಗೇರ್‌ಬಾಕ್ಸ್ ಅಲ್ಲ ಅನ್ನುವುದು ಗೊತ್ತಾಗಬೇಕಿತ್ತು. ಸೇಡಂ ರಸ್ತೆಯಲ್ಲಿ ಮುಂದೆ ಹಿಂದೆ ಯಾರೂ ಇಲ್ಲದ ಕಡೆ 70ರ ವೇಗದಲ್ಲಿ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದೆ. ಎಂಜಿನ್ ಸದ್ದು ಕೆಳಗಿಳಿಯಿತು, ಗುಂಯ್ ಹಾಗೇ ಉಳಿಯಿತು. ಗಾಡಿ ನಿಧಾನವಾದ ಹಾಗೆ ಅದೂ ಇಳಿಯಿತು. ಅಂದರೆ ಸದ್ದು ಚಕ್ರದ ಜೊತೆ ತಿರುಗುತ್ತಿದೆ, ಎಂಜಿನ್ ಜೊತೆ ಅಲ್ಲ.

ಆಮೇಲೆ ಸ್ಟೀರಿಂಗ್. 60ರಲ್ಲಿ ಹೋಗುತ್ತಾ, ನನ್ನ ಲೇನ್ ಒಳಗೇ, ಸ್ಟೀರಿಂಗನ್ನು ಸ್ವಲ್ಪ ಬಲಕ್ಕೆ ಹಿಡಿದೆ. ಗುಂಯ್ ಜೋರಾಯಿತು. ಸ್ವಲ್ಪ ಎಡಕ್ಕೆ ಹಿಡಿದೆ. ಹೆಚ್ಚುಕಡಿಮೆ ನಿಂತೇಹೋಯಿತು. ಮೂರು ಸಲ ಮಾಡಿ ನೋಡಿದೆ, ಮೂರೂ ಸಲ ಹಾಗೇ. ಬಲಕ್ಕೆ ತಿರುಗಿಸಿದಾಗ ಗಾಡಿಯ ಭಾರ ಎಡಗಡೆ ಚಕ್ರಗಳ ಮೇಲೆ ವಾಲುತ್ತದೆ. ಭಾರ ಬಿದ್ದಾಗ ಕೂಗುವುದು ಸವೆದ ಬೇರಿಂಗ್. ಹಾಗಾಗಿ ದೋಷ ಎಡಗಡೆ ಇರಬೇಕು ಅಂತ ಬರೆದಿಟ್ಟುಕೊಂಡೆ. ಮುಂದಿನ ಚಕ್ರವೋ ಹಿಂದಿನದೋ ಅನ್ನುವುದು ಈ ಪರೀಕ್ಷೆಯಿಂದ ಗೊತ್ತಾಗಲ್ಲ. ನಮ್ಮ ಅಕ್ಕನ ಮಗ ಹಿಂದೆ ಕೂತಿದ್ದ. ಅವನು "ಮಾಮಾ, ನನ್ನ ಸೀಟಿನ ಕೆಳಗೇ ಬರ್ತದ" ಅಂದ. ನನಗೆ ಮುಂದೆ ಬಂದ ಹಾಗೆ ಕೇಳುತ್ತಿತ್ತು. ಈ ಸದ್ದು ಗಾಡಿಯ ತಗಡಿನ ಮೂಲಕ ಓಡಾಡುತ್ತದೆ. ಕಿವಿಯನ್ನು ನಂಬಿ ಸಾಮಾನು ತರಬಾರದು.

ಸೆಪ್ಟೆಂಬರ್ 29. ಟೈರ್ ಅದಲು ಬದಲು

ಅನುಮಾನ ಟೈರ್ ಮೇಲೂ ಇತ್ತು. ಎಡಗಡೆ ಮುಂದಿನ ಟೈರ್ ಮೇಲೆ ಕೈ ಸವರಿದರೆ ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದ ಹಾಗೆ ಹಲ್ಲು ಹಲ್ಲು. ಹೀಗೆ ಸವೆದ ಟೈರ್ ಕೂಡ ಇದೇ ತರಹ ಗುಂಯ್ ಅನ್ನುತ್ತದೆ. ಬೇರಿಂಗ್ ಬದಲಿಸಿ ಆಮೇಲೆ ಟೈರ್ ಅಂತ ಗೊತ್ತಾದರೆ ದುಡ್ಡು ದಂಡ ಅಲ್ವಾ. ಎರಡೂ ಕಡೆ ಮುಂದಿನ ಟೈರ್ ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿಸಿದೆ. 150 ರೂಪಾಯಿ.

ಸದ್ದು ಕೂದಲೆಳೆಯಷ್ಟೂ ಬದಲಾಗಲಿಲ್ಲ. ಟೈರ್ ಆಗಿದ್ದರೆ ಸದ್ದು ಜಾಗ ಬದಲಿಸುತ್ತಿತ್ತು, ಇಲ್ಲವೇ ದನಿಯಾದರೂ ಬೇರೆಯಾಗುತ್ತಿತ್ತು. ಇನ್ನೊಂದು ಗುರುತೂ ಇದೆ. ಹಳೇ ಡಾಂಬರಿನಿಂದ ಹೊಸ ಕಾಂಕ್ರೀಟ್ ರಸ್ತೆಗೆ ಹತ್ತಿದಾಗ ಟೈರ್ ಸದ್ದು ತಟ್ಟನೆ ಬದಲಾಗುತ್ತದೆ. ನನ್ನ ಗುಂಯ್ ಎರಡರ ಮೇಲೂ ಒಂದೇ ತರಹ ಇತ್ತು.

ಅಕ್ಟೋಬರ್ 6, ಬೆಳಿಗ್ಗೆ. ಯಾವ ಚಕ್ರ

ಮನೆ ಮುಂದೆ ಶಹಾಬಾದ್ ಫರಸಿ ಹಾಸಿದೆ. ಅದರ ಮೇಲೆ ಜಾಕ್ ಸ್ಟ್ಯಾಂಡ್ ಇಟ್ಟರೆ ಕಲ್ಲು ಬಿರುಕು ಬಿಡುತ್ತದೆ. ಕೆಳಗೆ ದಪ್ಪ ಹಲಗೆ ಇಟ್ಟೆ. ಬಲಗಡೆ ಚಕ್ರಗಳಿಗೆ ಮುಂದೂ ಹಿಂದೂ ಕಲ್ಲು ಕೊಟ್ಟೆ.

ಎಡ ಮುಂದಿನ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದೆ. ಆಟವೇ ಇಲ್ಲ, ಗಟ್ಟಿಯಾಗಿದೆ. ಇಲ್ಲಿ ತುಂಬ ಜನ ಬೇರಿಂಗ್ ಸರಿ ಇದೆ ಅಂತ ಚಕ್ರ ಹಾಕಿಬಿಡುತ್ತಾರೆ. ಸದ್ದು ಶುರುವಾದ ಎಷ್ಟೋ ದಿನದ ಮೇಲೆ ಆಟ ಬರುತ್ತದೆ. ಆಟ ಇದ್ದರೆ ದೋಷ ಖಂಡಿತ. ಇಲ್ಲದಿದ್ದರೆ ಏನೂ ಹೇಳಲು ಬರಲ್ಲ.

ನನಗೆ ಉತ್ತರ ಕೊಟ್ಟಿದ್ದು ಸ್ಪ್ರಿಂಗ್. ಗೇರ್ ನ್ಯೂಟ್ರಲ್‌ನಲ್ಲಿಟ್ಟು ಅಳಿಯ ಚಕ್ರವನ್ನು ನಿಧಾನಕ್ಕೆ ತಿರುಗಿಸಿದ. ನಾನು ಸಸ್ಪೆನ್ಶನ್ ಸ್ಪ್ರಿಂಗ್ ಮೇಲೆ ಬೆರಳು ತುದಿ ಇಟ್ಟೆ. ಬೆರಳಿಗೆ ಕರಕರ ಅಂತ ನಡುಕ ಬಂತು, ರವೆ ಬೀಸಿದ ಹಾಗೆ. ಕಿವಿಗೆ ಏನೂ ಕೇಳುತ್ತಿರಲಿಲ್ಲ. ಹಿಂದಿನ ಎಡ ಚಕ್ರ ಎತ್ತಿ, ಹ್ಯಾಂಡ್‌ಬ್ರೇಕ್ ಬಿಟ್ಟು ಅದೇ ರೀತಿ ನೋಡಿದೆ. ನುಣುಪು. ಬಲಗಡೆ ಮುಂದಿನದೂ ನುಣುಪು. ಹೋಲಿಸಿ ನೋಡಿದ್ದಕ್ಕೇ ಎಡ ಮುಂದಿನದು ಅಂತ ನಿಶ್ಚಯವಾಯಿತು. ಸ್ಟೀರಿಂಗ್ ಪರೀಕ್ಷೆ ಒಂದನ್ನೇ ನಂಬಬೇಡಿ. ಒಳಗೆ ಎರಡು ಸಾಲು ಗೋಲಿ ಇರುವ ಬೇರಿಂಗ್ ಇದು. ಯಾವ ಸಾಲು ಸವೆದಿದೆ ಅನ್ನುವುದರ ಮೇಲೆ ಕೆಲವೊಮ್ಮೆ ಉತ್ತರ ತಿರುವುಮುರುವು ಬರುತ್ತದೆ.

ಅದೇ ದಿನ ಮಧ್ಯಾಹ್ನ. ಬಿಚ್ಚಿದ್ದು

ಗಾಡಿ ಮತ್ತೆ ಕೆಳಗಿಳಿಸಿದೆ. ಅಳಿಯ ಬ್ರೇಕ್ ಒತ್ತಿ ಕೂತ. ಆಕ್ಸಲ್ ನಟ್ಟಿನ ಅಂಚು ಶಾಫ್ಟ್‌ನಲ್ಲಿ ಕೊರೆದ ಸಂದಿಯೊಳಗೆ ತಟ್ಟಿ ಕೂರಿಸಿರುತ್ತಾರೆ. ಚಾಣದಿಂದ ಅದನ್ನು ಎಬ್ಬಿಸಿದೆ. ಪಾನಾದ ಹಿಡಿಗೆ ಮೂರು ಅಡಿ ಪೈಪ್ ಹಾಕಿ ಒತ್ತಿದ ಮೇಲೆ ನಟ್ ಬಿಟ್ಟುಕೊಟ್ಟಿತು. ಈ ನಟ್ಟನ್ನು ಗಾಡಿ ನೆಲದ ಮೇಲಿರುವಾಗಲೇ ಸಡಿಲಿಸಬೇಕು. ಜಾಕ್ ಮೇಲಿಟ್ಟು ಇಷ್ಟು ಜೋರು ಹಾಕಿದರೆ ಗಾಡಿ ಜಾರುತ್ತದೆ.

ಚಕ್ರ ತೆಗೆದು, ಬ್ರೇಕ್ ಕ್ಯಾಲಿಪರ್ ಬಿಚ್ಚಿ, ತಂತಿಯಿಂದ ಸ್ಪ್ರಿಂಗ್‌ಗೆ ಕಟ್ಟಿದೆ. ಬ್ರೇಕ್ ಪೈಪಿನ ಮೇಲೆ ನೇತಾಡಲು ಬಿಡಬಾರದು. ಡಿಸ್ಕ್ ಬಂತು. ಸ್ಟೀರಿಂಗ್ ರಾಡ್ ತುದಿ, ಕೆಳಗಿನ ಬಾಲ್ ಜಾಯಿಂಟ್, ಮೇಲೆ ಶಾಕ್ ಅಬ್ಸಾರ್ಬರಿನ ಎರಡು ಬೋಲ್ಟ್. ಆ ಎರಡು ಬೋಲ್ಟ್ ಬಿಚ್ಚುವ ಮೊದಲು ಅವು ಕೂತಿದ್ದ ಜಾಗಕ್ಕೆ ಬಿಳಿ ಬಣ್ಣದಿಂದ ಗೆರೆ ಎಳೆದೆ. ಅಲ್ಲಿ ಸ್ವಲ್ಪ ಸರಿದರೂ ಚಕ್ರದ ಓರೆ ಬದಲಾಗುತ್ತದೆ. ಡ್ರೈವ್ ಶಾಫ್ಟ್ ತುದಿಗೆ ನಟ್ ಸಮಕ್ಕೆ ಹಾಕಿ ತಟ್ಟಿ ಹಿಂದೆ ಸರಿಸಿದೆ. ಅದನ್ನೂ ತಂತಿಗೆ ಕಟ್ಟಿದೆ. ಎಳೆದರೆ ಒಳಗಿನ ಜಾಯಿಂಟ್ ಬಿಟ್ಟುಹೋಗುತ್ತದೆ.

ಚಕ್ರ ಕೂರುವ ಹಬ್ ಮತ್ತು ಬೇರಿಂಗನ್ನು ಒಳಗೆ ಹಿಡಿದಿರುವ ನಕಲ್ ಒಟ್ಟಿಗೆ ಕೈಗೆ ಬಂತು. ಹಬ್ಬನ್ನು ಮನೆಯಲ್ಲೇ ಸುತ್ತಿಗೆಯಿಂದ ಹೊಡೆದು ಹೊರತೆಗೆದೆ. ಹಳೇ ಬೇರಿಂಗ್ ಎಸೆಯುವುದೇ ತಾನೆ, ಅದಕ್ಕೆ ಏಟು ಬಿದ್ದರೆ ನಷ್ಟವಿಲ್ಲ. ಒಳ ರಿಂಗಿನ ಅರ್ಧ ಭಾಗ ಹಬ್ಬಿಗೇ ಕಚ್ಚಿಕೊಂಡು ಬಂತು. ಗ್ರೈಂಡರಿನಲ್ಲಿ ಮುಕ್ಕಾಲು ಭಾಗ ಸೀಳಿ, ಚಾಣ ಇಟ್ಟು ಒಂದು ಏಟು ಹಾಕಿದೆ. ಬಿರುಕು ಬಿಟ್ಟು ಕಳಚಿತು. ಪೂರ್ತಿ ಸೀಳಲು ಹೋದರೆ ಹಬ್ಬಿಗೆ ಗಾಯವಾಗುತ್ತದೆ.

ಆ ರಿಂಗ್ ಒರೆಸಿ ನೋಡಿದೆ. ಗೋಲಿ ಓಡುವ ದಾರಿಯಲ್ಲಿ ಉಗುರಗಲದಷ್ಟು ಪದರ ಎದ್ದು ಹೋಗಿತ್ತು. ಗ್ರೀಸ್ ಕಂದು ಬಣ್ಣಕ್ಕೆ ತಿರುಗಿ, ಚಹಾ ಗಸಿಯ ಹಾಗಿತ್ತು. ನೀರು ಹೊಕ್ಕಿದೆ. ಆಗಸ್ಟ್‌ನ ಹಳ್ಳ ಆಗ ನೆನಪಾಯಿತು. ಬಿಸಿಯಾದ ಬೇರಿಂಗ್ ತಟ್ಟನೆ ತಣ್ಣೀರಿನಲ್ಲಿ ಮುಳುಗಿದರೆ ಒಳಗಿನ ಗಾಳಿ ಕುಗ್ಗಿ, ಸೀಲಿನ ಅಂಚಿನಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ.

ಅಕ್ಟೋಬರ್ 7, ಸೋಮವಾರ. ಮೊದಲ ಜೋಡಣೆ, ನನ್ನ ತಪ್ಪು

ನಮ್ಮೂರಿನ ಸೂಪರ್ ಮಾರ್ಕೆಟ್ ಅನ್ನುವ ಪೇಟೆ ಕಡೆ ಬೇರಿಂಗ್ ಕೊಂಡೆ, 1,150 ರೂಪಾಯಿ. ಹೊಸ ಆಕ್ಸಲ್ ನಟ್ 90. ನಕಲ್ ತೆಗೆದುಕೊಂಡು ಕಪನೂರ ಇಂಡಸ್ಟ್ರಿಯಲ್ ಏರಿಯಾದ ಒಂದು ಲೇತ್ ಅಂಗಡಿಗೆ ಹೋದೆ. ಅಲ್ಲಿ ಕೈಯಿಂದ ಪಂಪ್ ಹೊಡೆಯುವ ಪ್ರೆಸ್ ಇದೆ. ಬೇರಿಂಗ್ ಸರಿಯದ ಹಾಗೆ ತಡೆಯುವ ಸರ್ಕ್ಲಿಪ್ ತೆಗೆದು, ಹಳೇ ಬೇರಿಂಗ್ ಒತ್ತಿ ಹೊರಹಾಕಿ, ಹೊಸದನ್ನು ಹೊರ ರಿಂಗ್ ಮೇಲೆ ಮಾತ್ರ ಜೋರು ಬೀಳುವ ಹಾಗೆ ಒತ್ತಿ ಕೂರಿಸಿದರು. ಸರ್ಕ್ಲಿಪ್ ಹಾಕಿದರು. ಕೆಲಸ ಅಚ್ಚುಕಟ್ಟು. 250 ರೂಪಾಯಿ.

ಅಂಗಡಿಯ ಚಾಚಾ ಕೇಳಿದರು: "ಹಬ್ ಎಲ್ಲೈತ್ರಿ ಮಾಸ್ತರ?"

ಹಬ್ ಮನೆಯಲ್ಲೇ ಇತ್ತು. ಅದನ್ನೂ ಪ್ರೆಸ್‌ನಲ್ಲೇ ಕೂರಿಸಬೇಕು ಅನ್ನುವುದು ನನ್ನ ತಲೆಗೆ ಬಂದಿರಲಿಲ್ಲ. ಮತ್ತೆ ಊರು ದಾಟಿ ಬರಲು ಬೇಸರವಾಯಿತು. "ಮನ್ಯಾಗ ಹಾಕ್ಕೋತೀನ್ರಿ ಚಾಚಾ" ಅಂದುಬಿಟ್ಟೆ. ಅವರು "ಸುತ್ತಿಗಿ ಹೊಡಿಬ್ಯಾಡ್ರಿ" ಅಂದರು. ಕೇಳಿಸಿಕೊಂಡೆ, ಆದರೆ ಯಾಕೆ ಅಂತ ಕೇಳಲಿಲ್ಲ.

ಮನೆಯಲ್ಲಿ ನಕಲ್ಲನ್ನು ಎರಡು ಮರದ ತುಂಡಿನ ಮೇಲೆ ಕೂರಿಸಿದೆ. ಮೇಲಿಂದ ಹಬ್ ಇಟ್ಟು, ಅದರ ಮೇಲೆ ಬೇವಿನ ಮರದ ಕಟ್ಟಿಗೆ ಇಟ್ಟು ಸುತ್ತಿಗೆಯಿಂದ ಹೊಡೆದೆ. ಹನ್ನೆರಡು ಹದಿನೈದು ಏಟಿಗೆ ಹಬ್ ಪೂರ್ತಿ ಒಳಗೆ ಹೋಯಿತು. ಮಧ್ಯದಲ್ಲಿ ಆ ಕಡೆಯ ಅರ್ಧ ಒಳ ರಿಂಗ್ ಎರಡು ಮಿಲಿಮೀಟರ್ ಹೊರಗೆ ಸರಿದದ್ದು ಕಂಡಿತು. ಅದನ್ನೂ ತಟ್ಟಿ ಒಳಗೆ ಕೂರಿಸಿದೆ. ಅಲ್ಲೇ ನಿಲ್ಲಿಸಬೇಕಿತ್ತು.

ಕೈಯಿಂದ ಹಬ್ ತಿರುಗಿಸಿದಾಗ ಬಹಳ ಸಣ್ಣದಾಗಿ ತಡೆ ತಡೆದು ತಿರುಗಿತು. ಹೊಸ ಗ್ರೀಸ್ ಗಟ್ಟಿ ಇರುತ್ತದೆ, ಓಡಿದ ಮೇಲೆ ಸರಿಹೋಗುತ್ತದೆ ಅಂತ ಅಂದುಕೊಂಡೆ. ಈ ಇಡೀ ಕೆಲಸದಲ್ಲಿ ನನ್ನ ದೊಡ್ಡ ತಪ್ಪು ಇದೇ. ಗ್ರೀಸ್ ಗಟ್ಟಿ ಇದ್ದರೆ ಇಡೀ ಸುತ್ತು ಒಂದೇ ಸಮ ಬಿಗಿ ಇರುತ್ತದೆ. ಹೆಜ್ಜೆ ಹೆಜ್ಜೆಗೆ ತಡೆಯುವುದಿಲ್ಲ.

ಎಲ್ಲ ಜೋಡಿಸಿ, ಅಳಿಯನಿಂದ ಬ್ರೇಕ್ ಒತ್ತಿಸಿ, ಆಕ್ಸಲ್ ನಟ್ಟನ್ನು ಟಾರ್ಕ್ ಪಾನಾದಲ್ಲಿ 175 ನ್ಯೂಟನ್ ಮೀಟರ್‌ಗೆ ಬಿಗಿದೆ. ಇದು ನನ್ನ ಗಾಡಿಯ ಅಳತೆ. ನಿಮ್ಮದಕ್ಕೆ ನಿಮ್ಮ ಗಾಡಿಯ ಸರ್ವಿಸ್ ಪುಸ್ತಕ ನೋಡಿ. ನಟ್ ಬಿಗಿಯುವ ತನಕ ಗಾಡಿಯ ಭಾರ ಆ ಚಕ್ರದ ಮೇಲೆ ಬಿಡಬಾರದು. ಬೇರಿಂಗಿನ ಎರಡು ಅರ್ಧ ಒಳ ರಿಂಗುಗಳನ್ನು ಒತ್ತಿ ಹಿಡಿಯುವುದೇ ಆ ನಟ್. ಚಕ್ರದ ನಟ್‌ಗಳು 85.

ಸಂಜೆ ರಿಂಗ್ ರಸ್ತೆಯಲ್ಲಿ ಓಡಿಸಿದೆ. ಗುಂಯ್ ಹೋಗಿತ್ತು. 11ರಂದು ಆಯುಧ ಪೂಜೆ. ಗಾಡಿ ತೊಳೆದು, ಚೆಂಡು ಹೂವಿನ ಹಾರ ಹಾಕಿ, ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಪೂಜೆ ಮಾಡಿದೆವು.

ಅಕ್ಟೋಬರ್ 16. ಸದ್ದು ವಾಪಸ್

ಸುಮಾರು 380 ಕಿ.ಮೀ. ಓಡಿತ್ತು. ಮಳಖೇಡ ದಾಟಿದ ಮೇಲೆ 65ರಲ್ಲಿ ಮತ್ತೆ ಸದ್ದು. ಈ ಸಲ ದನಿ ಬೇರೆ. ಮೊದಲಿನದು ಗುಂಯ್, ಇದು ಸಣ್ಣ ಊಳು. ಬಲಕ್ಕೆ ಹಿಡಿದರೆ ಏರುತ್ತದೆ, ಎಡಕ್ಕೆ ಹಿಡಿದರೆ ಇಳಿಯುತ್ತದೆ. ಮನೆಗೆ ಬಂದು ಎತ್ತಿ ಸ್ಪ್ರಿಂಗ್ ಮೇಲೆ ಬೆರಳಿಟ್ಟೆ. ಅದೇ ಚಕ್ರ. ಈಗ ಕರಕರ ಅಲ್ಲ, ಟಕ ಟಕ ಟಕ ಅಂತ ಒಂದೇ ಸಮನೆ ಸಣ್ಣ ಏಟುಗಳು.

ಬೇರಿಂಗ್ ನಕಲಿಯೋ ಏನೋ ಅಂತ ಮೊದಲು ಅನ್ನಿಸಿತು. ಅಂಗಡಿಗೆ ಹೋಗಿ ಜಗಳ ಮಾಡುವ ಮೊದಲು ಬಿಚ್ಚಿ ನೋಡೋಣ ಅಂತ ಸುಮ್ನಿದ್ದೆ. ಹಾಗೆ ಮಾಡಿದ್ದು ಒಳ್ಳೆಯದಾಯಿತು.

ಅಕ್ಟೋಬರ್ 20 ಮತ್ತು 21. ಎರಡನೇ ಸಲ

ಭಾನುವಾರ ಬಿಚ್ಚಿದೆ. ಈ ಸಲ ಎರಡು ತಾಸು ಸಾಕಾಯಿತು. ಸೋಮವಾರ ರಜೆ ಹಾಕಿ ನಕಲ್ ಮತ್ತು ಹಬ್ ಎರಡನ್ನೂ ಕೂಡಿಯೇ ಕಪನೂರಿಗೆ ಒಯ್ದೆ. ಚಾಚಾ ಹಬ್ ಒತ್ತಿ ತೆಗೆದರು. ಹಬ್ಬಿಗೆ ಕಚ್ಚಿಕೊಂಡು ಬಂದ ಅರ್ಧ ರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಿಸಿಲಿಗೆ ಹಿಡಿದು ತೋರಿಸಿದರು.

ಗೋಲಿ ಓಡುವ ದಾರಿಯಲ್ಲಿ ಸಣ್ಣ ಸಣ್ಣ ಗುಳಿಗಳು. ಒಂದರಿಂದ ಒಂದಕ್ಕೆ ಸರಿಯಾಗಿ ಅಷ್ಟಷ್ಟೇ ದೂರ. ಗೋಲಿಗಳ ಪಂಜರವನ್ನು ಪಕ್ಕಕ್ಕೆ ಇಟ್ಟರೆ, ಪ್ರತಿ ಗೋಲಿಗೂ ಒಂದು ಗುಳಿ. ಉಗುರು ಎಳೆದರೆ ತಡೆಯುತ್ತಿತ್ತು. ಗ್ರೀಸ್ ಮಾತ್ರ ಹೊಸದರ ಹಾಗೇ ಸ್ವಚ್ಛ. ಹಳೇ ಬೇರಿಂಗಿನಲ್ಲಿ ಪದರ ಎದ್ದಿತ್ತು, ಗ್ರೀಸ್ ಕೆಟ್ಟಿತ್ತು. ಇದರಲ್ಲಿ ಸವೆತವೇ ಇಲ್ಲ, ಏಟಿನ ಗುರುತು ಅಷ್ಟೇ. ಬೇರಿಂಗ್ ಅಂಗಡಿಯವರ ತಪ್ಪು ಇದರಲ್ಲಿ ಏನೂ ಇರಲಿಲ್ಲ.

"ಸುತ್ತಿಗಿ ಹೊಡದ್ರಿ ಹೌದಲ್ರಿ?"

"ಹೌದ್ರಿ ಚಾಚಾ."

"ಗೋಲಿ ಮ್ಯಾಲ ಜೋರ್ ಬೀಳಬಾರದು ನೋಡ್ರಿ. ಹೊರಗಿನ ರಿಂಗ್ ನಕಲ್ ಹಿಡದೈತಿ. ನೀವು ಒಳಗಿನ ರಿಂಗ್ ತಳ್ಳೀರಿ. ನಡಕ ಸಿಕ್ಕಿದ್ದು ಗೋಲಿ."

ಚಾಚಾ ಮಾಡಿದ ಕ್ರಮ ಹೀಗಿತ್ತು. ಹೊಸ ಬೇರಿಂಗನ್ನು ನಕಲ್ ಒಳಗೆ ಒತ್ತಲು ಅವರು ಹಳೇ ಬೇರಿಂಗಿನ ಹೊರ ರಿಂಗನ್ನೇ ಬಳಸಿದರು. ಬೇರಿಂಗಿನ ಹೊರ ಅಳತೆ 72 ಮಿ.ಮೀ. ಹಳೇ ರಿಂಗನ್ನು ಗ್ರೈಂಡರಿನಲ್ಲಿ ಉಜ್ಜಿ ಅರ್ಧ ಮಿಲಿಮೀಟರಿನಷ್ಟು ಚಿಕ್ಕದು ಮಾಡಿದ್ದರು. ಹಾಗಾಗಿ ಅದು ನಕಲ್ಲಿನೊಳಗೆ ಸಿಕ್ಕಿಹಾಕಿಕೊಳ್ಳಲ್ಲ, ಜೋರು ಹೊರ ರಿಂಗ್ ಮೇಲೆ ಮಾತ್ರ ಬೀಳುತ್ತದೆ. ಒತ್ತುವ ಮೊದಲು ನಕಲ್ ತೂತನ್ನು ಬಟ್ಟೆಯಿಂದ ಒರೆಸಿ, ತೆಳ್ಳಗೆ ಎಣ್ಣೆ ಸವರಿದರು. ಬೇರಿಂಗ್ ಓರೆಯಾಗದ ಹಾಗೆ ಮೊದಲ ಎರಡು ಪಂಪ್ ಬಹಳ ನಿಧಾನ. ತಳಕ್ಕೆ ಕೂತಾಗ ಪಂಪಿನ ಹಿಡಿ ಒಮ್ಮೆಲೇ ಬಿಗಿಯಾಯಿತು. ಅಲ್ಲಿಗೆ ನಿಲ್ಲಿಸಿದರು. ಸರ್ಕ್ಲಿಪ್ ತನ್ನ ಸಂದಿಯೊಳಗೆ ಪೂರ್ತಿ ಕೂತಿದೆಯೇ ಅಂತ ತಿರುಗಿಸಿ ನೋಡಿದರು.

ಆಮೇಲೆ ಹಬ್. ಇಲ್ಲೇ ನಾನು ತಪ್ಪಿದ್ದು. ಚಾಚಾ ಒಂದು ಸಣ್ಣ ಪೈಪಿನ ತುಂಡನ್ನು ಪ್ರೆಸ್ ಹಲಗೆ ಮೇಲೆ ನಿಲ್ಲಿಸಿದರು. ನಕಲ್ಲನ್ನು ಅದರ ಮೇಲೆ ಇಟ್ಟಾಗ ಪೈಪಿನ ಬಾಯಿ ಬೇರಿಂಗಿನ ಒಳ ರಿಂಗಿಗೆ ಮಾತ್ರ ತಾಗುತ್ತಿತ್ತು. ನಕಲ್ ಬೇರೆ ಎಲ್ಲೂ ಊರಿಕೊಂಡಿರಲಿಲ್ಲ, ಪೈಪ್ ಮೇಲೆ ತಕ್ಕಡಿಯ ಹಾಗೆ ನಿಂತಿತ್ತು. ಮೇಲಿಂದ ಹಬ್ ಒತ್ತಿದಾಗ ಜೋರು ಹಬ್ಬಿನಿಂದ ಒಳ ರಿಂಗಿಗೆ, ಅಲ್ಲಿಂದ ಪೈಪಿಗೆ. ಗೋಲಿಗೆ ಅದರ ಸುಳಿವೇ ಇಲ್ಲ. ಒಳ ರಿಂಗ್ ಹೊರಗೆ ಸರಿಯುವ ಮಾತೂ ಇಲ್ಲ. ಅರ್ಧ ನಿಮಿಷದ ಕೆಲಸ.

ತಿರುಗಿಸಿ ನೋಡಿ ಅಂದರು. ಬೆಣ್ಣೆಯಲ್ಲಿ ಬೆರಳು ಆಡಿಸಿದ ಹಾಗೆ, ಒಂದೇ ಸಮ ಬಿಗಿ, ಎಲ್ಲೂ ತಡೆ ಇಲ್ಲ. ಹಾಳಾದ ಬೇರಿಂಗನ್ನೂ ಇದನ್ನೂ ಬೇರೆ ಬೇರೆ ಕೈಯಲ್ಲಿ ತಿರುಗಿಸಿದ ಮೇಲೆ ಆ ವ್ಯತ್ಯಾಸ ಇನ್ನು ಮರೆಯಲ್ಲ. 300 ರೂಪಾಯಿ ತೆಗೆದುಕೊಂಡರು. ಎಬಿಎಸ್ ಇರುವ ಎಷ್ಟೋ ಗಾಡಿಗಳ ಬೇರಿಂಗಿನಲ್ಲಿ ಒಂದು ಮುಖ ಅಯಸ್ಕಾಂತದ್ದು ಇರುತ್ತದೆ, ಅದು ಸೆನ್ಸರ್ ಕಡೆಗೇ ಬರಬೇಕು, ಕಬ್ಬಿಣದ ಪುಡಿ ಇರುವ ಮೇಜಿನ ಮೇಲೆ ಅದನ್ನು ಇಡಬಾರದು ಅಂತಲೂ ಹೇಳಿದರು.

ಸಂಜೆ ಜೋಡಿಸಿದೆ. ಮತ್ತೆ ಹೊಸ ಆಕ್ಸಲ್ ನಟ್. ಒಮ್ಮೆ ಅಂಚು ತಟ್ಟಿ ಕೂರಿಸಿದ ನಟ್ಟನ್ನು ನಾನು ಮತ್ತೆ ಹಾಕಲಿಲ್ಲ. ಶಾಕ್ ಬೋಲ್ಟ್‌ಗಳನ್ನು ಬಿಳಿ ಗೆರೆಗೆ ಸರಿಯಾಗಿ ತಂದು ಬಿಗಿದೆ. ಹಾಗಿದ್ದರೂ ಮರುದಿನ ಅಲೈನ್‌ಮೆಂಟ್ ಮಾಡಿಸಿದೆ. ಟೋ, ಅಂದರೆ ಮುಂದಿನ ಚಕ್ರಗಳು ಒಳಗೆ ಹೊರಗೆ ತಿರುಗಿರುವ ಅಳತೆ, ಸ್ವಲ್ಪ ತಪ್ಪಿತ್ತು, ಸರಿಮಾಡಿದರು.

ಖರ್ಚು

ಟೈರ್ ಬದಲಿಸಿದ್ದು 150. ಮೊದಲ ಸಲ ಬೇರಿಂಗ್ 1,150, ನಟ್ 90, ಪ್ರೆಸ್ 250. ಎರಡನೇ ಸಲ ಬೇರಿಂಗ್ 1,150, ನಟ್ 90, ಪ್ರೆಸ್ 300. ಅಲೈನ್‌ಮೆಂಟ್ 450. ಒಟ್ಟು 3,630 ರೂಪಾಯಿ. ಮೊದಲ ದಿನವೇ ಹಬ್ ಜೊತೆಗೆ ಒಯ್ದಿದ್ದರೆ 2,150ರ ಆಸುಪಾಸಿನಲ್ಲಿ ಮುಗಿಯುತ್ತಿತ್ತು. ಒಂದು ದಿನದ ರಜೆಯೂ ಉಳಿಯುತ್ತಿತ್ತು.

ನವೆಂಬರ್ 24. ಈಗಿನ ಸ್ಥಿತಿ

ಎರಡನೇ ಜೋಡಣೆಯ ಮೇಲೆ 1,600 ಕಿ.ಮೀ. ಓಡಿದೆ. 80ರಲ್ಲಿ ಸ್ಟೀರಿಂಗ್ ಬಲಕ್ಕೆ ಎಡಕ್ಕೆ ಹಿಡಿದರೂ ದನಿ ಬದಲಾಗಲ್ಲ. ಈಗ ಕೇಳುವುದು ಟೈರ್ ಸದ್ದು ಮಾತ್ರ. ಅದು ಕಾಂಕ್ರೀಟ್ ಬಂದಾಗ ಏರುತ್ತದೆ, ಡಾಂಬರ್ ಬಂದಾಗ ಇಳಿಯುತ್ತದೆ. ಇವತ್ತು ಚಕ್ರ ಎತ್ತಿ ಸ್ಪ್ರಿಂಗ್ ಮೇಲೆ ಬೆರಳಿಟ್ಟು ನೋಡಿದೆ, ನುಣುಪಾಗಿದೆ. ಬಲಗಡೆ ಮುಂದಿನದನ್ನೂ ನೋಡಿದೆ. ಅದೂ ಅದೇ ಹಳ್ಳದ ನೀರು ಕುಡಿದದ್ದೇ. ಸದ್ಯಕ್ಕೆ ನಡುಕ ಇಲ್ಲ. ಯುಗಾದಿ ಹೊತ್ತಿಗೆ ಮತ್ತೊಮ್ಮೆ ಎತ್ತಿ ನೋಡುತ್ತೇನೆ.